ವೈರು, ಬೋರ್ಡು, ಗಾಡಿ ತೆಗೆದ ಜಾಗದಲ್ಲಿ ಏನು ಬರಬೇಕು?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಡಿಸೈನ್ ಆಫೀಸು. ಹಳೆ ಮನೆಗಳ ಮುಂಭಾಗದ ಫೋಟೋ ತೆಗೆದು, ಬೇರೆ ಬಣ್ಣ, ಬೇರೆ ಶೈಲಿಯಲ್ಲಿ ಹೇಗೆ ಕಾಣುತ್ತೆ ಅಂತ ಮನೆಯವರಿಗೆ ತೋರಿಸ್ತೀವಿ. ಆದ್ರೆ ಫೋಟೋ ತುಂಬಾ ಕರೆಂಟ್ ವೈರು, ಅಂಗಡಿ ಫ್ಲೆಕ್ಸು, ನಿಲ್ಲಿಸಿದ ಸ್ಕೂಟರು. ರಿಮೂವ್ ಬಟನ್ ಒತ್ತಿ ತೆಗೆದಾಗ ಚೆನ್ನಾಗೇ ಕಾಣುತ್ತೆ. ಸ್ಟೈಲ್ ಬದಲಿಸಿದ ಮೇಲೆ ಗೋಡೆಯಲ್ಲಿ ಬಿರುಕಿನ ತರ ಗೆರೆ, ಸೊಟ್ಟ ಕಟಕಟೆ, ಇಲ್ಲದ ಕಿಟಕಿ ಬರುತ್ತೆ. ಸರಿಯಾಗಿ ತೆಗೆಯೋದು ಹೇಗೆ?

ಉತ್ತರ: ಆ ಬಟನ್‌ಗೆ ನಿಮ್ಮ ಮನೆ ಗೊತ್ತಿಲ್ಲ. ತೆಗೆದ ಜಾಗಕ್ಕೆ ಅಕ್ಕಪಕ್ಕದ ಬಣ್ಣ, ಗೆರೆ ನೋಡಿ ಒಂದು ತೇಪೆ ಹಾಕುತ್ತದೆ, ಅಷ್ಟೇ. ಆಕಾಶದ ಮೇಲೆ ಹೋಗುವ ವೈರಿಗೆ ಅದು ಸಾಕು. ಕಟಕಟೆ, ಹೆಂಚು, ಜಾಲಂಧ್ರ ಇರುವ ಕಡೆ ಸಾಲದು. ಫೋಟೋ ಫೋಟೋವಾಗಿಯೇ ಇರುವ ತನಕ ಆ ತೇಪೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸುತ್ತಲಿನ ನೂರು ಸಣ್ಣ ವಿವರಗಳ ನಡುವೆ ಮುಚ್ಚಿಹೋಗುತ್ತದೆ. ಸ್ಟೈಲ್ ಬದಲಿಸುವ ಸಾಫ್ಟ್‌ವೇರ್ ಆ ಸಣ್ಣ ವಿವರಗಳನ್ನೆಲ್ಲ ಬಿಟ್ಟು, ಗೆರೆಗಳನ್ನೂ ದೊಡ್ಡ ಆಕಾರಗಳನ್ನೂ ಮಾತ್ರ ಹಿಡಿದು ಮತ್ತೆ ಬರೆಯುತ್ತದೆ. ಅರ್ಧ ಅಳಿಸಿದ ವೈರು ಅದರ ಪಾಲಿಗೆ ಗೋಡೆಯ ಗೆರೆಯೇ. ಅದು ಬಿರುಕಾಗಬಹುದು, ಬಳ್ಳಿಯಾಗಬಹುದು. ನುಣ್ಣಗಾದ ತೇಪೆ ಕಿಟಕಿಯಾಗಬಹುದು.

ಹಾಗಾಗಿ ಅಳಿಸುವುದರ ಬಗ್ಗೆ ಆಮೇಲೆ ಯೋಚಿಸಿ. ವೈರಿನ ಹಿಂದೆ, ಬೋರ್ಡಿನ ಹಿಂದೆ, ಕಾರಿನ ಹಿಂದೆ ನಿಜವಾಗಿ ಏನಿದೆ ಅನ್ನುವುದನ್ನು ಮೊದಲು ಹಿಡಿಯಿರಿ. ಈ ಕೆಲಸದ ಮುಕ್ಕಾಲು ಪಾಲು ಆಗುವುದು ಬೀದಿಯಲ್ಲಿ, ಫೋಟೋ ತೆಗೆಯುವಾಗ.

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಾನು ಮಾಡಿದ ಒಂದು ಮನೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಕೆಳಗೆ ಎರಡು ಅಂಗಡಿ, ಮೇಲೆ ಮರದ ಕಟಕಟೆಯ ಜಗಲಿ. ಕಿಟಕಿಗಳಿಗೆ ಆ ಭಾಗದ ಹಳೆ ಮನೆಗಳಲ್ಲಿ ಕಾಣುವ ಮಂಕಿ ಟಾಪ್, ಅಂದರೆ ಮರದ ಪಟ್ಟಿಗಳ ಚೂಪು ಮುಸುಕು, ಮೇಲೆ ಮಂಗಳೂರು ಹೆಂಚು. ಮುಂದೆ ಕರೆಂಟು, ಟಿವಿ ಕೇಬಲ್, ಇಂಟರ್ನೆಟ್ ಎಲ್ಲ ಸೇರಿ 11 ವೈರು. ಕಟಕಟೆಯನ್ನು ಮುಚ್ಚಿಕೊಂಡು 12 ಅಡಿ ಉದ್ದದ ಫ್ಲೆಕ್ಸ್ ಬೋರ್ಡು. ಕೆಳಗೆ ನಾಲ್ಕು ಸ್ಕೂಟರು, ಒಂದು ಕಾರು. ಮನೆಯವರಿಗೆ ಬೇಕಾಗಿದ್ದು ನೀರುಬಣ್ಣದ ಶೈಲಿಯ ಒಂದು ಚಿತ್ರ ಮತ್ತು ಎರಡು ಬಣ್ಣದ ಆಯ್ಕೆ.

ವೈರಿಗೆ ಕ್ಯಾಮೆರಾ ಮೇಲೆತ್ತಿ

ಒಂದು ಕಣ್ಣು ಮುಚ್ಚಿ, ಮುಂದೆ ಬೆರಳು ಹಿಡಿದು ತಲೆ ಅಲ್ಲಾಡಿಸಿದರೆ ಬೆರಳು ಹಿಂದಿನ ಗೋಡೆಯ ಮೇಲೆ ಜಾಗ ಬದಲಿಸುತ್ತದೆ, ಅಲ್ವಾ? ವೈರು ಕೂಡ ಹಾಗೆಯೇ. ಅದು ಗೋಡೆಗೆ ಅಂಟಿಕೊಂಡಿಲ್ಲ, ಗೋಡೆಯಿಂದ ಎರಡು ಮೂರು ಮೀಟರ್ ಮುಂದಿದೆ. ನೀವು ಜಾಗ ಬದಲಿಸಿದರೆ ವೈರು ಗೋಡೆಯ ಬೇರೆ ಭಾಗವನ್ನು ಮುಚ್ಚುತ್ತದೆ. ಮೊದಲು ಮುಚ್ಚಿದ್ದ ಭಾಗ ಬಿಡಿಸಿಕೊಳ್ಳುತ್ತದೆ. ಎರಡು ಫೋಟೋ ಸೇರಿಸಿದರೆ ಇಡೀ ಗೋಡೆ ನಿಮ್ಮ ಕೈಗೆ ಸಿಗುತ್ತದೆ, ಏನೂ ಊಹೆ ಮಾಡಬೇಕಿಲ್ಲ.

ಇಲ್ಲಿ ಬಹಳ ಜನ ಎಡವುವುದು ದಿಕ್ಕಿನಲ್ಲಿ. ಎರಡು ಹೆಜ್ಜೆ ಬಲಕ್ಕೆ ಸರಿದು ಇನ್ನೊಂದು ಫೋಟೋ ತೆಗೆಯುತ್ತಾರೆ. ಬೀದಿಯ ವೈರು ಮನೆಗೆ ಸಮಾನಾಂತರವಾಗಿ, ಎಡದಿಂದ ಬಲಕ್ಕೆ ಹೋಗುತ್ತದೆ. ನೀವೂ ಅದೇ ದಿಕ್ಕಿಗೆ ಸರಿದರೆ ವೈರು ತನ್ನ ಗೆರೆಯ ಮೇಲೇ ಜಾರುತ್ತದೆ, ಮುಚ್ಚಿದ ಜಾಗ ಹಾಗೇ ಮುಚ್ಚಿರುತ್ತದೆ. ಕ್ಯಾಮೆರಾವನ್ನು ಮೇಲೆತ್ತಬೇಕು. ಕ್ಯಾಮೆರಾ ಮೇಲೆ ಹೋದಷ್ಟೂ ವೈರು ಗೋಡೆಯ ಮೇಲೆ ಕೆಳಗಿಳಿಯುತ್ತದೆ. ಕರೆಂಟ್ ಕಂಬ ನೆಟ್ಟಗೆ ನಿಂತಿರುವುದರಿಂದ ಅದಕ್ಕೆ ಮಾತ್ರ ಪಕ್ಕಕ್ಕೆ ಸರಿಯಬೇಕು.

ಎಷ್ಟು ಎತ್ತಬೇಕು ಅಂತ ಮೊದಲೇ ಲೆಕ್ಕ ಹಾಕಬಹುದು. ಗೋಡೆಯಿಂದ ವೈರಿಗೆ ಇರುವ ದೂರವನ್ನು, ಕ್ಯಾಮೆರಾದಿಂದ ವೈರಿಗೆ ಇರುವ ದೂರದಿಂದ ಭಾಗಿಸಿ. ಬಂದದ್ದನ್ನು ಕ್ಯಾಮೆರಾ ಎಷ್ಟು ಎತ್ತಿದಿರೋ ಅದರಿಂದ ಗುಣಿಸಿ. ಈ ದೂರಗಳನ್ನು ನೆಲದ ಮೇಲೆ ಅಡ್ಡಕ್ಕೆ ಅಳೆದರೆ ಸಾಕು. ಚಾಮರಾಜಪೇಟೆಯಲ್ಲಿ ನಾನು ಎದುರಿನ ಫುಟ್‌ಪಾತ್‌ನಲ್ಲಿದ್ದೆ, ಗೋಡೆಯಿಂದ 11 ಮೀಟರ್. ವೈರು ಗೋಡೆಯಿಂದ 3 ಮೀಟರ್ ಮುಂದೆ, ಅಂದರೆ ನನ್ನಿಂದ 8 ಮೀಟರ್. ಸೆಲ್ಫಿ ಸ್ಟಿಕ್ಕಿನಲ್ಲಿ 80 ಸೆಂಟಿಮೀಟರ್ ಎತ್ತಿದಾಗ ವೈರು ಗೋಡೆಯ ಮೇಲೆ 30 ಸೆಂಟಿಮೀಟರ್ ಕೆಳಗಿಳಿಯಿತು. ಎದುರು ಮನೆಯವರನ್ನು ಕೇಳಿಕೊಂಡು ಅವರ ಮೊದಲ ಮಹಡಿಯ ಬಾಲ್ಕನಿಗೆ ಹೋದೆ. ಅಲ್ಲಿ ಕ್ಯಾಮೆರಾ ಮೂರೂವರೆ ಮೀಟರ್ ಮೇಲಿತ್ತು. ವೈರು 1.3 ಮೀಟರ್ ಕೆಳಗೆ ಬಂತು. ಒಂದೆರಡು ಸೆಂಟಿಮೀಟರ್ ದಪ್ಪದ ವೈರಿಗೆ ಇದು ಬೇಕಾದಷ್ಟಾಯಿತು.

ಆದರೆ ವೈರು ಒಂದೇ ಇರುವುದಿಲ್ಲವಲ್ಲ. ಒಂದರ ಕೆಳಗೆ ಒಂದು ಸಾಲಾಗಿರುತ್ತವೆ. ನೀವು ಎತ್ತಿದ ಲೆಕ್ಕ ಎರಡು ವೈರುಗಳ ನಡುವಿನ ಅಂತರಕ್ಕೆ ಸರಿಹೊಂದಿಬಿಟ್ಟರೆ, ಒಂದು ವೈರು ಬಿಟ್ಟ ಜಾಗಕ್ಕೆ ಮೇಲಿನದು ಬಂದು ಕೂರುತ್ತದೆ. ನನಗೆ ಅವತ್ತು ಆಗಿದ್ದೂ ಅದೇ. 80 ಸೆಂಟಿಮೀಟರ್ ಎತ್ತಿದ ಫೋಟೋದಲ್ಲಿ ಎರಡು ವೈರು ಸರಿಯಾಗಿ ತಮ್ಮ ಕೆಳಗಿನ ವೈರುಗಳ ಹಳೆ ಜಾಗದಲ್ಲೇ ಕೂತಿದ್ದವು. ಅದಕ್ಕೇ ಒಂದೇ ಎತ್ತರ ನಂಬಬೇಡಿ. ಕಣ್ಣಿನ ಮಟ್ಟದಲ್ಲಿ ಒಂದು, 30 ಸೆಂಟಿಮೀಟರ್ ಮೇಲೆ ಒಂದು, 50ಕ್ಕೆ ಒಂದು, 80ಕ್ಕೆ ಒಂದು, ಹೀಗೆ ನಾಲ್ಕೈದು ತೆಗೆದಿಡಿ. ಎರಡು ನಿಮಿಷದ ಕೆಲಸ.

ಎಲ್ಲ ಫೋಟೋಗೂ ಫೋನಿನ 1x ಲೆನ್ಸೇ ಇರಲಿ. 0.5x ಲೆನ್ಸು ಅಂಚನ್ನು ಎಳೆದು ಹಿಗ್ಗಿಸುತ್ತದೆ, ಆಮೇಲೆ ಒಂದರ ಮೇಲೊಂದು ಕೂರುವುದಿಲ್ಲ. ಪರದೆ ಮೇಲೆ ಬೆರಳು ಒತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಿ. ಇಲ್ಲದಿದ್ದರೆ ಒಂದೊಂದು ಫೋಟೋದಲ್ಲಿ ಗೋಡೆ ಒಂದೊಂದು ಬಣ್ಣ ಬರುತ್ತದೆ. ಮನೆಯವರೇ ಫೋಟೋ ಕಳಿಸುವುದಾದರೆ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮಾಮೂಲಿ ಫೋಟೋ ಆಗಿ ಬಂದರೆ ಗಾತ್ರ ಕುಗ್ಗಿ, ಕಂಬಿಗಳ ನಡುವಿನ ವಿವರವೆಲ್ಲ ಕಲಸಿಹೋಗಿರುತ್ತದೆ.

ಇನ್ನು ನೆರಳು. ಬಿಸಿಲಿದ್ದರೆ ವೈರಿನ ನೆರಳು ಗೋಡೆ ಮೇಲೆ ಬೀಳುತ್ತದೆ. ನೆರಳು ಗೋಡೆಯ ಮೇಲೇ ಇರುವುದರಿಂದ ಕ್ಯಾಮೆರಾ ಎಷ್ಟು ಎತ್ತಿದರೂ ಅದು ಜಾಗ ಬಿಡುವುದಿಲ್ಲ. ವೈರು ಹೋಗಿ ನೆರಳು ಉಳಿದ ಚಿತ್ರವನ್ನು ಸ್ಟೈಲ್ ಬದಲಿಸಲು ಕೊಟ್ಟರೆ ಅದೇ ನೀವು ಹೇಳಿದ ಬಿರುಕು. ಸೂರ್ಯ ಆ ಗೋಡೆಗೆ ಬರುವ ಮೊದಲೇ ಹೋಗಿ, ಇಲ್ಲವೇ ಮೋಡ ಇರುವ ದಿನ ಹೋಗಿ. ಎರಡೂ ಆಗದಿದ್ದರೆ ಅರ್ಧ ಗಂಟೆ ಬಿಟ್ಟು ಇನ್ನೊಂದು ಸುತ್ತು ತೆಗೆಯಿರಿ, ಸೂರ್ಯನ ಜೊತೆ ನೆರಳೂ ಸರಿದಿರುತ್ತದೆ.

ಮೊದಲು ನೆಟ್ಟಗೆ ಮಾಡಿ, ಆಮೇಲೆ ಸೇರಿಸಿ

ಕಂಪ್ಯೂಟರಿಗೆ ಬಂದ ಮೇಲೆ ಮೊದಲ ಕೆಲಸ ಓರೆಕೋರೆ ತಿದ್ದುವುದು. ಕಣ್ಣಿನ ಮಟ್ಟದ ಫೋಟೋವನ್ನು ತಳಪಾಯ ಮಾಡಿಕೊಳ್ಳಿ, ಮನೆಯವರು ದಿನಾ ನೋಡುವುದು ಹಾಗೆಯೇ. ಗೋಡೆಯಲ್ಲಿ ಚೆನ್ನಾಗಿ ಕಾಣುವ ನಾಲ್ಕು ಮೂಲೆ ಹುಡುಕಿ. ನಾನು ಮೇಲಿನ ಎರಡು ಕಿಟಕಿಗಳ ಹೊರ ಮೂಲೆ, ಕೆಳಗಿನ ಎರಡು ಶಟರ್‌ಗಳ ಹೊರ ಮೂಲೆ ತೆಗೆದುಕೊಂಡೆ. ಫೋಟೋಶಾಪ್‌ನಲ್ಲಿ `Edit > Transform > Distort` ತೆಗೆದು, ಆ ನಾಲ್ಕೂ ಆಯತದ ಮೂಲೆಗಳಾಗುವಂತೆ ಎಳೆಯಿರಿ. ಗಿಂಪ್‌ನಲ್ಲಿ Perspective ಟೂಲ್ ಇದೇ ಕೆಲಸ ಮಾಡುತ್ತದೆ. ಹೀಗೆ ಎಳೆದಾಗ ಉದ್ದ ಅಗಲದ ಅನುಪಾತ ತಪ್ಪುವುದುಂಟು. ಸೈಟಿನಲ್ಲೇ ಒಂದು ಬಾಗಿಲನ್ನು ಟೇಪ್ ಹಿಡಿದು ಅಳೆದುಕೊಂಡು ಬಂದಿದ್ದರೆ, ಅದಕ್ಕೆ ಹೊಂದಿಸಿ ಸರಿಮಾಡಬಹುದು.

ಉಳಿದ ಫೋಟೋಗಳನ್ನೂ ಅದರ ಮೇಲೆ ಲೇಯರ್ ಆಗಿ ಇಟ್ಟು, ಅದೇ ನಾಲ್ಕು ಮೂಲೆಗೆ ಎಳೆಯಿರಿ. ಲೇಯರಿನ ದಟ್ಟತೆ ಅರ್ಧಕ್ಕೆ ಇಳಿಸಿದರೆ ಮೂಲೆ ಕೂತಿದೆಯೋ ಇಲ್ಲವೋ ಕಾಣುತ್ತದೆ. ತಾನೇ ಹೊಂದಿಸುವ ಆಯ್ಕೆಯೂ ಇದೆ. ಆದರೆ ಅದು ಎಷ್ಟೋ ಸಲ ಗೋಡೆ ಬಿಟ್ಟು ವೈರನ್ನೋ ಕಾರನ್ನೋ ಹಿಡಿದು ಹೊಂದಿಸಿಬಿಡುತ್ತದೆ, ಅದಕ್ಕೆ ನಾನು ಕೈಯಲ್ಲೇ ಮಾಡುತ್ತೇನೆ.

ಈಗ ಮೇಲಿನ ಲೇಯರಿಗೆ ಕಪ್ಪು ಮಾಸ್ಕ್ ಹಾಕಿ, ಕೆಳಗಿನ ಫೋಟೋದಲ್ಲಿ ವೈರು ಇರುವ ಜಾಗದಲ್ಲಿ ಮಾತ್ರ ಬಿಳಿ ಬ್ರಶ್ ಎಳೆಯುತ್ತಾ ಹೋಗಿ. ಒಂದು ತುದಿಯಲ್ಲಿ ಕ್ಲಿಕ್ ಮಾಡಿ, ಶಿಫ್ಟ್ ಹಿಡಿದು ಇನ್ನೊಂದು ಕಡೆ ಕ್ಲಿಕ್ ಮಾಡಿದರೆ ನೇರ ಗೆರೆ ಬರುತ್ತದೆ. ವೈರು ಜೋತಿರುವುದರಿಂದ ಇದನ್ನು ತುಂಡು ತುಂಡಾಗಿ ಮಾಡಿ. ಬ್ರಶ್ ವೈರಿಗಿಂತ ಎರಡೂ ಕಡೆ ಮೂರು ನಾಲ್ಕು ಪಿಕ್ಸೆಲ್ ಅಗಲ ಇರಲಿ. ಫೋನು ಚಿತ್ರವನ್ನು ಚೂಪು ಮಾಡುವಾಗ ವೈರಿನ ಎರಡೂ ಅಂಚಿಗೆ ಒಂದು ತೆಳು ಬಿಳಿ ಗೆರೆ ಬಿಟ್ಟಿರುತ್ತದೆ. ವೈರನ್ನಷ್ಟೇ ತೆಗೆದರೆ ಆ ಜೋಡಿ ಬಿಳಿ ಗೆರೆ ಉಳಿಯುತ್ತದೆ. ಬರಿಗಣ್ಣಿಗೆ ಕಾಣದ ಅದನ್ನು ಸ್ಟೈಲ್ ಬದಲಿಸುವ ಸಾಫ್ಟ್‌ವೇರ್ ಚೆನ್ನಾಗಿ ಹಿಡಿಯುತ್ತದೆ.

ಗೋಡೆಯಿಂದ ಮುಂದಕ್ಕೆ ಚಾಚಿದ ಸಜ್ಜಾ, ಬಾಲ್ಕನಿ ಮಾತ್ರ ಸ್ವಲ್ಪ ತಪ್ಪಿ ಕೂರುತ್ತವೆ. ಅವೂ ಗೋಡೆಗಿಂತ ಮುಂದಿವೆಯಲ್ಲ, ಅದೇ ಲೆಕ್ಕ ಅವಕ್ಕೂ ಅನ್ವಯಿಸುತ್ತದೆ. 60 ಸೆಂಟಿಮೀಟರ್ ಚಾಚಿದ ಸಜ್ಜಾದ ಅಂಚು ನನ್ನ ಸೆಲ್ಫಿ ಸ್ಟಿಕ್ ಫೋಟೋದಲ್ಲಿ ಐದು ಸೆಂಟಿಮೀಟರಿನಷ್ಟು ಕೆಳಗೆ ಬಂದಿತ್ತು. ಆ ಪಟ್ಟಿಯನ್ನು ಬೇರೆ ಲೇಯರಿಗೆ ಕತ್ತರಿಸಿ, ಅಷ್ಟನ್ನೇ ಮೇಲೆ ಸರಿಸಿ ಕೂರಿಸಿದೆ. ಬಾಲ್ಕನಿಯಿಂದ ತೆಗೆದ ಫೋಟೋವನ್ನು ಇಂಥ ಕಡೆ ಬಳಸಲೇಬೇಡಿ. ಅಷ್ಟು ಮೇಲಿನಿಂದ ಸಜ್ಜಾದ ಅಡಿಭಾಗ ಕಾಣುವುದೇ ಇಲ್ಲ. ಅದು ಚಪ್ಪಟೆ ಗೋಡೆಗೆ ಮಾತ್ರ ಸರಿ.

ಇದಕ್ಕೆಲ್ಲ ಬಗ್ಗದ ಒಂದು ವೈರು ಇದೆ. ಕಂಬದಿಂದ ಮನೆಗೆ ಬರುವ ಸರ್ವೀಸ್ ವೈರು. ಅದರ ತುದಿ ಗೋಡೆಗೇ ಸೇರುವುದರಿಂದ ಕೊನೆಯ ಒಂದು ಅಡಿ ಎಲ್ಲ ಫೋಟೋದಲ್ಲೂ ಒಂದೇ ಜಾಗದಲ್ಲಿ ಇರುತ್ತದೆ. ಅದನ್ನು Clone Stamp ಹಿಡಿದು ಕೈಯಲ್ಲೇ ತೆಗೆಯಬೇಕು. ತೆಗೆಯುವುದಾದರೆ ಗೋಡೆಗೆ ಹೊಡೆದ ಕಬ್ಬಿಣದ ಬ್ರಾಕೆಟ್ಟು, ಪಿಂಗಾಣಿ ಇನ್ಸುಲೇಟರು, ಪೈಪು ಎಲ್ಲವನ್ನೂ ತೆಗೆಯಿರಿ. ವೈರು ಇಲ್ಲದೆ ಬ್ರಾಕೆಟ್ಟು ಮಾತ್ರ ಉಳಿದರೆ ನೀರುಬಣ್ಣದ ಚಿತ್ರದಲ್ಲಿ ಅದೊಂದು ಅರ್ಥವಾಗದ ಚುಕ್ಕೆಯಾಗಿ ಕೂರುತ್ತದೆ.

ಹೆಂಚಿನ ಮೇಲೆ ಕೈಯಲ್ಲಿ ಕೆಲಸ ಮಾಡಬೇಕಾಗಿ ಬಂದರೆ, ಮೂಲವನ್ನು ಅದೇ ಸಾಲಿನಿಂದ, ಸರಿಯಾಗಿ ಒಂದು ಹೆಂಚು ಪಕ್ಕದಿಂದ ತೆಗೆದುಕೊಳ್ಳಿ. ಹೆಂಚಿನ ಉಬ್ಬಿನ ತುದಿಯಿಂದ ಪಕ್ಕದ ಹೆಂಚಿನ ಉಬ್ಬಿನ ತುದಿಗೆ. ಮೊದಲೇ ಓರೆ ತಿದ್ದಿರುವುದರಿಂದ ಎಲ್ಲ ಹೆಂಚೂ ಒಂದೇ ಅಗಲ ಇರುತ್ತವೆ, ಗೆರೆ ತಪ್ಪುವುದಿಲ್ಲ. ಓರೆ ತಿದ್ದದೆ ಮಾಡಿದರೆ ಎರಡನೇ ಹೆಂಚಿಗೇ ಗೆರೆ ತಪ್ಪುತ್ತದೆ.

ಬೋರ್ಡಿನ ಹಿಂದೆ ಇಣುಕಿ ನೋಡಿ

ಬೋರ್ಡಿಗೆ ಈ ಉಪಾಯ ನಡೆಯುವುದಿಲ್ಲ. ಅದು ಗೋಡೆಯಿಂದ ಒಂದು ಅಡಿಯೂ ಮುಂದಿರುವುದಿಲ್ಲ, ಮೇಲಾಗಿ ತುಂಬಾ ದೊಡ್ಡದು. ಎಷ್ಟು ಸರಿದರೂ ಹಿಂದಿನದು ಕಾಣುವುದಿಲ್ಲ. ಇಲ್ಲಿ ಬೇಕಾಗುವುದು ಇಣುಕುವ ಕಣ್ಣು.

ಆ ಮನೆಯ ಫ್ಲೆಕ್ಸಿನ ಎಡಕ್ಕೆ ಕಟಕಟೆಯ ಮೂರು ಕಂಬಿ, ಬಲಕ್ಕೆ ಎರಡು ಕಂಬಿ ಕಾಣುತ್ತಿದ್ದವು. ಐದೂ ಒಂದೇ ತರದ ಕಡೆದ ಮರದ ಕಂಬಿಗಳು. ನಡುವೆಯೂ ಹಾಗೇ ಇರುತ್ತದೆ ಅಂದುಕೊಂಡು ಎಡಗಡೆಯದನ್ನೇ ನಕಲು ಮಾಡಿ ತುಂಬಿಬಿಡಬಹುದಿತ್ತು. ಆದರೂ ಗೋಡೆಯ ಬುಡಕ್ಕೆ ಹೋಗಿ, ಫ್ಲೆಕ್ಸಿನ ಫ್ರೇಮಿಗೂ ಕಟಕಟೆಗೂ ನಡುವಿನ ಸಂದಿನೊಳಗೆ ಫೋನಿನ ಟಾರ್ಚು ಹಾಕಿ ಕೆಳಗಿನಿಂದ ನಾಲ್ಕು ಫೋಟೋ ತೆಗೆದೆ. ಕಂಬಿಯ ಬುಡಗಳು ಸಾಲಾಗಿ ಕಂಡವು. ಎಣಿಸಿದೆ, 27. ಆದರೆ ನಡುವೆ ಆರು ಕಂಬಿಯ ಜಾಗ ಖಾಲಿ. ಬೋರ್ಡಿನ ಕಬ್ಬಿಣದ ಫ್ರೇಮು ಬಿಗಿಯಲು ಯಾರೋ ಕಟಕಟೆಯನ್ನೇ ಕೊಯ್ದು, ಅಲ್ಲಿ ತಗಡು ಹೊಡೆದಿದ್ದರು. ಮರದ ಮೇಲೆ ಗರಗಸದ ಗುರುತು ಇನ್ನೂ ಹಾಗೇ ಇತ್ತು. ಮನೆಯವರಿಗೇ ಅದು ಗೊತ್ತಿರಲಿಲ್ಲ.

ಇಂಥದ್ದು ಸಿಕ್ಕಾಗ ನೀವೇ ತೀರ್ಮಾನ ಮಾಡಬೇಡಿ. ಮನೆಯವರನ್ನು ಕೇಳಿ. ಈಗ ಇರುವ ಹಾಗೆ ತೋರಿಸಬೇಕೋ, ಮೊದಲಿದ್ದ ಹಾಗೆ ತೋರಿಸಬೇಕೋ? ಅವರು ಮೊದಲಿದ್ದ ಹಾಗೆ ಅಂದರು, ಮದುವೆ ಆಲ್ಬಮ್ಮಿನಿಂದ ಜಗಲಿಯ ಒಂದು ಹಳೆ ಫೋಟೋವನ್ನೂ ತಂದುಕೊಟ್ಟರು. ಆ ಫೋಟೋ ನೋಡಿ, ಎಡಗಡೆಯ ಕಂಬಿಯನ್ನು ಅಳತೆ ತಪ್ಪದೆ ಸರಿಸಿ ಸರಿಸಿ 33 ಕಂಬಿ ಕೂರಿಸಿದೆ. ಹಳೆ ಫೋಟೋ ಇಲ್ಲದಿದ್ದರೆ ಗೂಗಲ್ ಸ್ಟ್ರೀಟ್ ವ್ಯೂ ನೋಡಿ. 2022ರ ಜುಲೈಯಿಂದ ಅದು ನಮ್ಮ ದೇಶದ ಊರುಗಳಿಗೂ ಬಂದಿದೆ. ಬೋರ್ಡು ಬರುವ ಮುಂಚಿನ ಚಿತ್ರ ಸಿಕ್ಕರೂ ಸಿಗಬಹುದು. ಅದನ್ನು ನೋಡಿ ತಿಳಿದುಕೊಳ್ಳಿ ಅಷ್ಟೇ, ಕತ್ತರಿಸಿ ಅಂಟಿಸಬೇಡಿ. ಅದು ಬೇರೆಯವರ ಚಿತ್ರ.

ನಕಲು ಮಾಡುವಾಗ ಒಂದು ಎಚ್ಚರ. ಕಟ್ಟಡದ ಎಡ ಬಲ ಒಂದೇ ತರ ಇದೆ ಅಂತ ಎಡಭಾಗವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬಲಕ್ಕೆ ಇಡುವುದು ತುಂಬಾ ಸುಲಭ ಅನ್ನಿಸುತ್ತದೆ. ಬಿಸಿಲಿನ ಫೋಟೋದಲ್ಲಿ ಹಾಗೆ ಮಾಡಿದರೆ ನೆರಳೂ ತಿರುಗುತ್ತದೆ. ಎಡಗಡೆ ಕಂಬಿಗೆ ಬೆಳಕು ಎಡದಿಂದ, ಬಲಗಡೆ ಕಂಬಿಗೆ ಬಲದಿಂದ. ಸ್ಟೈಲ್ ಬದಲಿಸಿದ ಮೇಲೆ ಜಗಲಿ ನಡುವೆ ಬಾಗಿದ ಹಾಗೆ ಕಾಣುತ್ತದೆ. ತಿರುಗಿಸದೆ, ಸುಮ್ನೆ ಪಕ್ಕಕ್ಕೆ ಸರಿಸಿ. ತಿರುಗಿಸಲೇಬೇಕು ಅಂದರೆ ಮೋಡದ ದಿನದ ಫೋಟೋ ಬಳಸಿ.

ಅಂಗಡಿಯ ಹೆಸರಿನ ಬೋರ್ಡನ್ನು ಉಳಿಸಿಕೊಳ್ಳಬೇಕು ಅಂತಿದ್ದರೂ ಸ್ಟೈಲ್ ಬದಲಿಸುವ ಮೊದಲು ಅಕ್ಷರ ತೆಗೆದು ಖಾಲಿ ಹಲಗೆ ಮಾಡಿ. ಕನ್ನಡ ಅಕ್ಷರ ಆ ಸಾಫ್ಟ್‌ವೇರಿನ ಕೈಯಲ್ಲಿ ಒತ್ತಕ್ಷರ, ತಲೆಕಟ್ಟು ಎಲ್ಲ ಕಲಸಿ ಯಾವ ಭಾಷೆಯೂ ಅಲ್ಲದ್ದಾಗುತ್ತದೆ. ಕೆಲಸ ಮುಗಿದ ಮೇಲೆ ನೀವೇ ಟೈಪ್ ಮಾಡಿ ಕೂರಿಸಿ.

ಗಾಡಿಗೆ ಬೇರೆ ಹೊತ್ತು

ಗಾಡಿಗಳ ವಿಷಯದಲ್ಲಿ ಸಾಫ್ಟ್‌ವೇರಿಗಿಂತ ಗಡಿಯಾರ ದೊಡ್ಡ ಉಪಕಾರಿ. ಆ ಸ್ಕೂಟರುಗಳು ಕೆಳಗಿನ ಅಂಗಡಿಯ ಹುಡುಗರವು. ಅಂಗಡಿ ತೆಗೆಯುವುದು 10 ಗಂಟೆಗೆ. ಬೆಳಗ್ಗೆ ಏಳೂವರೆಗೆ ಹೋದೆ, ಒಂದೂ ಇರಲಿಲ್ಲ. ಆ ಹೊತ್ತಿಗೆ ಗೋಡೆಗೆ ಬಿಸಿಲೂ ಬಂದಿರಲಿಲ್ಲ, ಎರಡು ಕೆಲಸ ಒಟ್ಟಿಗೆ ಆಯಿತು.

ಓಡಾಡುವ ಗಾಡಿ, ಜನ ಇದ್ದರೆ ಹೆದರಬೇಕಿಲ್ಲ. ಟ್ರೈಪಾಡಿನ ಮೇಲೆ ಫೋನಿಟ್ಟು, ಕೆಲವು ಸೆಕೆಂಡು ಬಿಟ್ಟು ಬಿಟ್ಟು ಒಂಬತ್ತು ಹತ್ತು ಫೋಟೋ ತೆಗೆಯಿರಿ. ಪ್ರತಿ ಬಿಂದುವಿನಲ್ಲೂ ಎಲ್ಲ ಫೋಟೋಗಳ ಬಣ್ಣದ ಬೆಲೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿಟ್ಟು ನಡುವಿನದನ್ನು ಆರಿಸಿದರೆ ಹಾದುಹೋದದ್ದೆಲ್ಲ ಮಾಯವಾಗುತ್ತದೆ. ಇಮೇಜ್‌ಮ್ಯಾಜಿಕ್ ಅನ್ನುವ ಸಾಫ್ಟ್‌ವೇರ್ ಇದ್ದರೆ, ಫೋಟೋಗಳಿಗೆ beedi_1.jpg, beedi_2.jpg ಅಂತ ಹೆಸರಿಟ್ಟು ಒಂದೇ ಸಾಲು:

```
magick beedi_*.jpg -evaluate-sequence median khali.png
```

ಒಂದು ಜಾಗ ಅರ್ಧಕ್ಕಿಂತ ಜಾಸ್ತಿ ಫೋಟೋಗಳಲ್ಲಿ ಖಾಲಿ ಇದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಸಿಗ್ನಲ್ಲಿನಲ್ಲಿ ನಿಂತ ಬಸ್ಸು ಆರು ಫೋಟೋದಲ್ಲಿ ಇದ್ದರೆ ಅದೇ ಗೆಲ್ಲುತ್ತದೆ. ನಿಲ್ಲಿಸಿದ ಗಾಡಿ ಎಲ್ಲ ಫೋಟೋದಲ್ಲೂ ಇರುವುದರಿಂದ ಅದಕ್ಕೆ ಇದು ಪ್ರಯೋಜನವಿಲ್ಲ.

ಕಾರು ಮಾತ್ರ ಬೆಳಗ್ಗೆಯೂ ಅಲ್ಲೇ ಇತ್ತು. ಪಕ್ಕಕ್ಕೆ ಸರಿದು ನೋಡೋಣ ಅಂದರೆ ಲೆಕ್ಕ ಕೈಕೊಡುತ್ತದೆ. ಗೋಡೆಯಿಂದ ಒಂದು ಮೀಟರ್ ಮುಂದಿರುವ ಕಾರಿಗೆ, ನಾನು ಎರಡು ಮೀಟರ್ ಸರಿದರೆ ಸಿಗುವುದು 20 ಸೆಂಟಿಮೀಟರ್. ಕಾರಿನ ಉದ್ದ ನಾಲ್ಕು ಮೀಟರ್. ಹಾಗಾಗಿ ಕಾರಿಗೂ ಗೋಡೆಗೂ ನಡುವೆ ನುಗ್ಗಿ, ಮೊಣಕಾಲೂರಿ, ಗೋಡೆಯ ಬುಡವನ್ನು ಆರು ತುಂಡುಗಳಲ್ಲಿ ತೆಗೆದೆ. ಒಂದು ತುಂಡಿಗೆ ಇನ್ನೊಂದು ಮೂರನೇ ಒಂದು ಭಾಗದಷ್ಟು ಸೇರಿಕೊಂಡಿರುವ ಹಾಗೆ. ಆಮೇಲೆ ಒಂದೊಂದನ್ನೂ Distort ಮಾಡಿ ಜಾಗದಲ್ಲಿ ಕೂರಿಸಿದೆ. ಹತ್ತಿರದಿಂದ ತೆಗೆದ ತುಂಡು ಉಳಿದ ಗೋಡೆಗಿಂತ ಚೂಪಾಗಿ ಕಾಣುತ್ತದೆ, ಸ್ವಲ್ಪ ಮಬ್ಬು ಮಾಡಿ ಹೊಂದಿಸಬೇಕು.

ಗಾಡಿ ತೆಗೆಯುವಾಗ ಎಲ್ಲಕ್ಕಿಂತ ಮುಖ್ಯವಾದ ಗೆರೆ ಗೋಡೆಯೂ ನೆಲವೂ ಸೇರುವ ಗೆರೆ. ಕಾರಿನ ಎಡಕ್ಕೂ ಬಲಕ್ಕೂ ಅದು ಕಾಣುತ್ತಿರುತ್ತದೆ. ಮೊದಲು ಆ ಎರಡು ತುದಿಯನ್ನು ಒಂದು ಗೈಡ್ ಗೆರೆಯಿಂದ ಸೇರಿಸಿ. ಅದರ ಮೇಲೆ ಗೋಡೆ ತುಂಬಿ, ಕೆಳಗೆ ನೆಲ ತುಂಬಿ. ಎರಡನ್ನೂ ಒಂದೇ ಸಲ ತುಂಬಲು ಹೋದರೆ ಗೋಡೆ ಕರಗಿ ರಸ್ತೆಗೆ ಹರಿದ ಹಾಗಾಗುತ್ತದೆ. ಚಿತ್ರದಲ್ಲಿ ಮನೆ ತೇಲುತ್ತದೆ. ಚಕ್ರದ ಕೆಳಗಿನ ಕಪ್ಪು ನೆರಳು, ಎಣ್ಣೆ ಕಲೆ, ಎದುರಿನ ಗಾಜಿನಲ್ಲೋ ಹೊಳೆಯುವ ಟೈಲ್ಸ್ ಮೆಟ್ಟಿಲಿನಲ್ಲೋ ಕಾಣುವ ಕಾರಿನ ಪ್ರತಿಬಿಂಬ, ಇವನ್ನೂ ಕಾರಿನ ಜೊತೆಗೇ ತೆಗೆಯಿರಿ. ನೆರಳೊಂದು ಉಳಿದರೂ ಅಲ್ಲಿ ಹೂವಿನ ಕುಂಡವೋ ಕಲ್ಲುಬೆಂಚೋ ಹುಟ್ಟಿಕೊಳ್ಳುತ್ತದೆ.

ಕೊಡುವ ಮುಂಚೆ ಒಂದು ಪರೀಕ್ಷೆ

ಚೆನ್ನಾಗಿದೆ ಅನ್ನಿಸಿದ ಮೇಲೆ ಎಲ್ಲ ಲೇಯರ್ ಸೇರಿಸಿದ ಒಂದು ನಕಲು ಮಾಡಿ, ಅದರ ಮೇಲೆ ಫೋಟೋಶಾಪ್‌ನ `Filter > Stylize > Find Edges` ಓಡಿಸಿ. ಗಿಂಪ್‌ನಲ್ಲಿ `Filters > Edge-Detect` ಒಳಗಿನ ಯಾವುದಾದರೂ ಒಂದು ಸಾಕು. ತುಂಬಿದ ಬಣ್ಣವೆಲ್ಲ ಹೋಗಿ ಗೆರೆ ಮಾತ್ರ ಉಳಿಯುತ್ತದೆ. ಸ್ಟೈಲ್ ಬದಲಿಸುವ ಸಾಫ್ಟ್‌ವೇರ್ ಹೆಚ್ಚುಕಡಿಮೆ ಇದನ್ನೇ ನೋಡುವುದು.

ಇಲ್ಲಿ ಮೂರು ತರದ ತಪ್ಪು ಕಾಣುತ್ತದೆ. ಒಂದು, ಯಾವ ಕಿಟಕಿಗೂ ಸಜ್ಜಾಕ್ಕೂ ಸೇರದ ಒಂಟಿ ಗೆರೆ. ಅದು ವೈರಿನ ಅಂಚು ಅಥವಾ ನೆರಳು. ಎರಡು, ಸುತ್ತ ಗಾರೆಯ ಸಣ್ಣ ಚುಕ್ಕೆಗಳಿದ್ದು ನಡುವೆ ಮಾತ್ರ ಬೋಳಾಗಿರುವ ಜಾಗ. ಅಲ್ಲಿ ತೇಪೆ ಜಾಸ್ತಿ ನುಣುಪಾಗಿದೆ, ಅದೇ ಇಲ್ಲದ ಕಿಟಕಿಯಾಗುವುದು. ಹತ್ತಿರದ ಗಾರೆಯನ್ನೇ Clone Stamp ಹಿಡಿದು ಅದರ ಮೇಲೆ ಹಚ್ಚಿ. ಮೂರು, ಒಂದೇ ಕಲೆ ಎರಡು ಮೂರು ಕಡೆ ಮರುಕಳಿಸುವುದು. ಚಿತ್ರವನ್ನು ಸಣ್ಣದು ಮಾಡಿ ದೂರದಿಂದ ನೋಡಿದರೆ ಇದು ಬೇಗ ಸಿಗುತ್ತದೆ. ಚಾಮರಾಜಪೇಟೆ ಮನೆಯಲ್ಲಿ ನನಗೆ ಸಿಕ್ಕಿದ್ದು ಮಂಕಿ ಟಾಪಿನ ಕೆಳಗೆ, ಗೇಣುದ್ದದ ಒಂದು ಓರೆ ಗೆರೆ. ಮೂಲ ಫೋಟೋ ತೆಗೆದು ನೋಡಿದೆ. ಇಂಟರ್ನೆಟ್ ಕೇಬಲ್ ಮರದ ಪಟ್ಟಿಗಳ ಹಿಂದೆ ನುಸುಳಿ ಹೋಗಿತ್ತು, ಅಷ್ಟು ತುಂಡು ಮಾತ್ರ ನನ್ನ ಕಣ್ಣು ತಪ್ಪಿತ್ತು. ಹಾಗೇ ಬಿಟ್ಟಿದ್ದರೆ ಹೊಸ ಚಿತ್ರದಲ್ಲಿ ಆ ಮಂಕಿ ಟಾಪು ಮುರಿದ ಹಾಗೆ ಬರುತ್ತಿತ್ತು.

ಬಟನ್ ಒತ್ತಿ ತೆಗೆಯುವುದನ್ನು ಪೂರ್ತಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಆಕಾಶ, ಮರದ ಎಲೆ, ಬರಿ ಗಾರೆ ಗೋಡೆ, ಟಾರು ರಸ್ತೆ, ಈ ನಾಲ್ಕು ಕಡೆ ನಾನೂ ಅದನ್ನೇ ಬಳಸುತ್ತೇನೆ, ಹೊತ್ತು ಉಳಿಯುತ್ತದೆ. ಲೆಕ್ಕವಿಟ್ಟು ಜೋಡಿಸಿದ ಯಾವುದೇ ವಸ್ತು, ಅಂದರೆ ಕಂಬಿ, ಹೆಂಚು, ಮೆಟ್ಟಿಲು, ಜಾಲಂಧ್ರ ಬಂದ ಕೂಡಲೇ ಕೈಕೆಲಸ.

ಕೊನೆಯದಾಗಿ, ತೆಗೆದ ವೈರನ್ನು ಮರೆತುಬಿಡಬೇಡಿ. ಅದು ಚಿತ್ರದಿಂದ ಹೋಗಿದೆ, ಬೀದಿಯಿಂದ ಹೋಗಿಲ್ಲ. ಹೊಸ ಶೈಲಿಯಲ್ಲಿ ಬಾಲ್ಕನಿ ಮುಂದಕ್ಕೆ ಬಂದರೆ, ಅಥವಾ ಸಜ್ಜಾ ಅಗಲವಾದರೆ, ಖಾಲಿ ಚಿತ್ರದಲ್ಲಿ ಅದು ಚಂದವಾಗಿಯೇ ಕಾಣುತ್ತದೆ. ಮನೆಯವರು ಅದನ್ನೇ ಮೇಸ್ತ್ರಿಗೆ ತೋರಿಸುತ್ತಾರೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದ ಪ್ರಕಾರ 650 ವೋಲ್ಟ್ ಒಳಗಿನ ಲೈನಿನಿಂದಲೂ ಕಟ್ಟಡ ಅಡ್ಡಕ್ಕೆ 1.2 ಮೀಟರ್, ಲೈನು ಕಟ್ಟಡದ ಮೇಲೆ ಹಾದುಹೋಗುವ ಕಡೆ 2.5 ಮೀಟರ್ ದೂರ ಇರಬೇಕು. ಅದಕ್ಕೇ ನಾನು ಕೆಲಸ ಶುರು ಮಾಡುವಾಗಲೇ ವೈರುಗಳ ಮೇಲೆ ತೆಳು ಕೆಂಪು ಗೆರೆ ಎಳೆದು ಒಂದು ಲೇಯರ್ ಇಟ್ಟುಕೊಳ್ಳುತ್ತೇನೆ, ಗೋಡೆಯಿಂದ ವೈರಿಗೆ ಅಳೆದ ದೂರವನ್ನೂ ಅದರ ಮೇಲೇ ಬರೆದಿರುತ್ತೇನೆ. ಚಿತ್ರ ಮುಗಿದ ಮೇಲೆ ಮನೆಯವರಿಗೆ ಎರಡು ಪ್ರತಿ ಕೊಡುತ್ತೇನೆ. ಒಂದು ವೈರಿಲ್ಲದ್ದು, ಇನ್ನೊಂದು ಆ ಕೆಂಪು ಗೆರೆ ಇರುವುದು. ಮೇಸ್ತ್ರಿಗೆ ಹೋಗಬೇಕಾದ್ದು ಎರಡನೆಯದು.